ಬಡಾವಣೆಯಲ್ಲಿ ಭಾನುವಾರದ ಸಂತೆ: ನಡೆಸುವುದು ಹೇಗೆ, ಅದರಿಂದ ಹೊಟ್ಟೆ ತುಂಬುತ್ತದೆಯೇ?

ಮೊದಲ ಸಂತೆಗೆ ಜಾತ್ರೆಯಂತೆ ಜನ. ಮೂರನೆಯದಕ್ಕೆ ಅರ್ಧ. ಐದನೆಯದರಲ್ಲಿ ಚಟ್ನಿಪುಡಿಯವರು ಹಪ್ಪಳ ಕೊಳ್ಳುತ್ತಾರೆ, ಹಪ್ಪಳದವರು ಚಟ್ನಿಪುಡಿ ಕೊಳ್ಳುತ್ತಾರೆ, ಹೊರಗಿನವರು ಯಾರೂ ಇಲ್ಲ. ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲಿ ಮಾಡಿದ್ದನ್ನು ಮಾರಲು ಹೀಗೆ ಶುರುವಾಗಿ ಹೀಗೆ ನಿಂತ ಸಂತೆಗಳನ್ನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಒಂದು ನಾನೇ ನಡೆಸಿದ್ದು.

ನಿಲ್ಲಿಸಿದವರನ್ನು ಕೇಳಿದರೆ ಜನ ಬರಲಿಲ್ಲ ಎನ್ನುತ್ತಾರೆ. ವಿಚಾರಿಸಿ ನೋಡಿದರೆ ಬಹುಪಾಲು ಕೆಲಸದ ಕ್ರಮವೇ ತಿರುವುಮುರುವಾಗಿರುತ್ತದೆ. ಮೊದಲು ವಾಟ್ಸ್ಆ್ಯಪ್ ಗುಂಪು ಕಟ್ಟಿ ಸ್ಟಾಲ್‌ನವರನ್ನು ಸೇರಿಸುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ, ಬಾಡಿಗೆ ಎಷ್ಟೆಂದು ಬಾಯಿಗೆ ಬಂದದ್ದು ಹೇಳುತ್ತಾರೆ, ಲೆಕ್ಕದ ಪುಸ್ತಕ ತೆರೆಯುವುದು ಕೈಯಿಂದ ದುಡ್ಡು ಹೋದ ಮೇಲೆ. ಕೆಳಗೆ ಕೊಟ್ಟಿರುವುದು ಬೇರೆ ಕ್ರಮ. ರೂಪಾಯಿ ಲೆಕ್ಕವೆಲ್ಲ ನನ್ನ ಪುಸ್ತಕದ್ದು. ನಿಮ್ಮ ಊರಿನಲ್ಲಿ ಬಾಡಿಗೆ ಬೇರೆಯಿದ್ದರೂ ಲೆಕ್ಕ ಹಾಕುವ ದಾರಿ ಇದೇ.

## ಶುರುವಿಗೆ ಮುಂಚೆ ಕೈಯಲ್ಲಿರಬೇಕಾದದ್ದು

ಒಂದು ಉದ್ದನೆಯ ಲೆಕ್ಕದ ಪುಸ್ತಕ. ಸಂತೆಯ ಹಣಕ್ಕೇ ಮೀಸಲಾದ ಒಂದು ಬ್ಯಾಂಕ್ ಖಾತೆ, ಅದಕ್ಕೊಂದು ಯುಪಿಐ. ಮನೆಖರ್ಚಿನ ಖಾತೆಗೇ ಸ್ಟಾಲ್ ಬಾಡಿಗೆ ಹಾಕಿಸಿಕೊಂಡರೆ ಮೂರು ತಿಂಗಳಲ್ಲಿ ಲಾಭ ಯಾವುದು, ಹಾಲಿನ ದುಡ್ಡು ಯಾವುದು ಗೊತ್ತಾಗುವುದಿಲ್ಲ. ಅಳತೆ ಟೇಪು, ಸೀಮೆಸುಣ್ಣ, ಎರಡು ಎಕ್ಸ್‌ಟೆನ್ಷನ್ ಬೋರ್ಡು, ದೊಡ್ಡ ಕಸದ ಚೀಲಗಳು, ಚಿಲ್ಲರೆಯಲ್ಲಿ ₹3,000. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿರುವ ಒಂದು ತಕ್ಕಡಿ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ವ್ಯಾಪಾರಕ್ಕೆ ನಡೆಯುವುದಿಲ್ಲ. ಮಾರಲು ಬರುವ ಇಪ್ಪತ್ತು ಜನರೂ ಒಂದೊಂದು ಮುದ್ರೆಯ ತಕ್ಕಡಿ ತರಲಾರರು. ಆದ್ದರಿಂದ ತೂಕ ಮಾಡಿ ಕಟ್ಟಿದ ಪೊಟ್ಟಣಗಳನ್ನೇ ಮಾರಿಸಿ, ಅನುಮಾನ ಬಂದವರು ತೂಗಿ ನೋಡಲು ನಿಮ್ಮ ತಕ್ಕಡಿ ಬಾಗಿಲ ಬಳಿ ಇರಲಿ.

## 1. ಮೊದಲು ಜಾಗ, ಅದೂ ಕಾಗದದ ಮೇಲೆ

ಎಲ್ಲರ ಕಣ್ಣೂ ಮೊದಲು ಬೀಳುವುದು ಪಾರ್ಕಿನ ಮೇಲೆ. ಅಲ್ಲೇ ಮೊದಲ ತಪ್ಪು. ಪಾರ್ಕನ್ನು ಬಡಾವಣೆಯ ಸಂಘ ನೋಡಿಕೊಳ್ಳುತ್ತಿರಬಹುದು, ಬೀಗದ ಕೈಯೂ ಅವರ ಹತ್ತಿರವೇ ಇರಬಹುದು. ಹಾಗೆಂದು ಅದನ್ನು ಬಾಡಿಗೆಗೆ ಕೊಡುವ ಹಕ್ಕು ಅವರಿಗೆ ಇರುವುದಿಲ್ಲ. ಪಾರ್ಕು, ಆಟದ ಮೈದಾನಗಳನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಒಬ್ಬರು ಪಾಲಿಕೆಗೆ ದೂರು ಕೊಟ್ಟರೆ ಸಂತೆ ಅವತ್ತೇ ಎದ್ದುಹೋಗುತ್ತದೆ. ರಸ್ತೆಬದಿಯೂ ಬೇಡ. ಪಾಲಿಕೆ, ಸಂಚಾರ ಪೊಲೀಸರು ಇಬ್ಬರ ಅನುಮತಿಗೂ ಓಡಾಡಬೇಕು.

ಸಂಘದ ಸಮುದಾಯ ಭವನ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ಮದುವೆ ಇಲ್ಲದ ಭಾನುವಾರ ಖಾಲಿ ಬಿದ್ದಿರುವ ಸಣ್ಣ ಛತ್ರ, ಖಾಸಗಿ ಶಾಲೆಯ ಅಂಗಳ, ಈ ನಾಲ್ಕರಲ್ಲಿ ಒಂದನ್ನು ಹಿಡಿಯಿರಿ. ತಲೆಯ ಮೇಲೆ ಸೂರು ಇರುವ ಜಾಗವಾದರೆ ಒಳ್ಳೆಯದು. ಮೈಸೂರಿನಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಕೈಕೊಡುವ ದಿನಗಳು ಹೆಚ್ಚು. ಶಾಮಿಯಾನದ ಬಾಡಿಗೆ ಒಂದೇ ಲಾಭವನ್ನೆಲ್ಲ ನುಂಗಿಬಿಡುತ್ತದೆ.

ನಮ್ಮ ಮೊದಲ ಸಂತೆ ಕೆಟ್ಟದ್ದು ಇಲ್ಲೇ. "ಅದಕ್ಕೇನಮ್ಮಾ, ಧಾರಾಳವಾಗಿ ಮಾಡ್ಕೊಳ್ಳಿ" ಎಂದು ಭವನದ ಕಾರ್ಯದರ್ಶಿಗಳು ಫೋನಿನಲ್ಲೇ ಒಪ್ಪಿದ್ದರು. ಮೂರನೆಯ ಸಲ ಬೆಳಿಗ್ಗೆ ಆರೂವರೆಗೆ ಟೇಬಲ್ ಇಳಿಸಲು ಹೋದರೆ ಒಳಗೆ ನಾಮಕರಣದ ಕೊಪ್ಪರಿಗೆಗಳು, ಒಲೆ ಮೇಲೆ ಆಗಲೇ ಹುಳಿ ಕುದಿಯುತ್ತಿದೆ. ಹದಿನೆಂಟು ಹೆಂಗಸರು ಹಿಂದಿನ ದಿನವೆಲ್ಲ ಕರಿದು, ಹುರಿದು, ಆಟೋ ಮಾಡಿಕೊಂಡು ಬಂದಿದ್ದಾರೆ. ಅವತ್ತಿನ ಆಟೋ ದುಡ್ಡು ನಾನೇ ಕೊಟ್ಟೆ. ಆರು ಜನ ಆಮೇಲೆ ತಿರುಗಿ ಬರಲಿಲ್ಲ.

ಆದ್ದರಿಂದ ಸಂಘದ ಕಮಿಟಿ ಸಭೆಯಲ್ಲಿ ತೀರ್ಮಾನವಾಗಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಸಹಿ ಹಾಕಿ ಸೀಲು ಒತ್ತಿದ ಪತ್ರ ಕೈಗೆ ಬರುವ ತನಕ ಯಾರಿಗೂ ತಾರೀಕು ಹೇಳಬೇಡಿ. ಪತ್ರದಲ್ಲಿ ಆರು ತಿಂಗಳ ತಾರೀಕುಗಳು ಒಂದೊಂದಾಗಿ ಇರಬೇಕು. "ಎರಡನೆಯ ಮತ್ತು ನಾಲ್ಕನೆಯ ಭಾನುವಾರ" ಎಂದಷ್ಟೇ ಬರೆದರೆ ಮುಹೂರ್ತದ ತಿಂಗಳಲ್ಲಿ ಮದುವೆಯವರು ಬಂದಾಗ ಅದು ಸಡಿಲವಾಗುತ್ತದೆ. ಬಾಡಿಗೆಯಲ್ಲಿ ಕರೆಂಟು ಸೇರಿದೆಯೇ, ಶೌಚಾಲಯದ ಬೀಗ ಯಾರ ಹತ್ತಿರ, ಅವರೇ ರದ್ದು ಮಾಡಿದರೆ ಎಷ್ಟು ದಿನ ಮುಂಚೆ ಹೇಳಬೇಕು, ಇವೂ ಅದರಲ್ಲೇ ಇರಲಿ. ಅದೇ ಪತ್ರದ ನಕಲು ಸೇರಿಸಿ ಠಾಣೆಗೊಂದು ಮಾಹಿತಿ ಪತ್ರ ಕೊಟ್ಟುಬಿಡಿ.

ಗೇಟಿನ ಎದುರಿನ ಮನೆಯವರನ್ನು ಮರೆಯಬೇಡಿ. ಸಂತೆಗಳ ಮೇಲೆ ಬರುವ ದೂರುಗಳಲ್ಲಿ ಸದ್ದಿಗಿಂತ ಹೆಚ್ಚಿನವು ಅವರ ಗೇಟಿಗೆ ಅಡ್ಡ ನಿಂತ ಸ್ಕೂಟರಿನವು. ಮೊದಲೇ ಹೋಗಿ ಮಾತಾಡಿಸಿ, ಸಂತೆಯ ದಿನ ಅವರ ಗೇಟಿನ ಮುಂದೆ ಹಗ್ಗ ಕಟ್ಟಿಸಿ.

## 2. ವಾರಕ್ಕೊಮ್ಮೆ ಬೇಡ

ವಾರದ ಸಂತೆ ಎಂಬ ಮಾತು ಕಿವಿಗೆ ಹಿತವಾಗಿದೆ. ಆದರೆ ಕಾಲು ಕೇಜಿ ಚಟ್ನಿಪುಡಿ ನಾಲ್ಕು ಜನರ ಮನೆಯಲ್ಲಿ ಎಷ್ಟು ದಿನ ಬರುತ್ತದೆ ಎಂದು ನೆನಪಿಸಿಕೊಳ್ಳಿ. ಎರಡು ಮೂರು ವಾರ. ಪುಳಿಯೋಗರೆ ಗೊಜ್ಜು ತಿಂಗಳು ಬರುತ್ತದೆ, ಉಪ್ಪಿನಕಾಯಿ ಇನ್ನೂ ಹೆಚ್ಚು. ಮನೆ ತಿನಿಸಿನ ಸಂತೆಯ ಬಹುಪಾಲು ಸರಕು ಇಂಥದ್ದೇ. ವಾರ ವಾರ ನಡೆಸಿದರೆ ಎರಡನೆಯ ವಾರ ಬಂದವರ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ. ಅವರು ಒಂದು ಸುತ್ತು ಹಾಕಿ, ತಿಂಡಿ ತಿಂದು, ಬರಿಗೈಯಲ್ಲಿ ಹೋಗುತ್ತಾರೆ. ಮಾಡುವವರಿಗೂ ಶುಕ್ರವಾರ, ಶನಿವಾರ ಎರಡೂ ದಿನ ಒಲೆ ಮುಂದೆ ನಿಂತು ಬೆನ್ನು ಹೋಗುತ್ತದೆ.

ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ 8:30ರಿಂದ 1 ಗಂಟೆವರೆಗೆ ಇಡಿ. ಸಂಜೆ ಇಟ್ಟರೆ ಜನ ಬರುತ್ತಾರೆ, ಆದರೆ ತಿರುಗಾಡಲು ಬರುತ್ತಾರೆ. ಬೆಳಿಗ್ಗೆ ಬರುವವರ ಕೈಯಲ್ಲಿ ಚೀಲ ಇರುತ್ತದೆ.

## 3. ಯಾರನ್ನು ಸೇರಿಸಬೇಕು, ಯಾರಿಗೆ ಇಲ್ಲ ಎನ್ನಬೇಕು

ಇಪ್ಪತ್ತು ಟೇಬಲ್ಲಿನ ಸಂತೆಗೆ ನನಗೆ ಒಗ್ಗಿದ ಹೊಂದಿಕೆ ಹೀಗಿದೆ: ಪುಡಿ, ಗೊಜ್ಜು, ಉಪ್ಪಿನಕಾಯಿ, ಹಪ್ಪಳ-ಸಂಡಿಗೆಗೆ ಆರು, ಕುರುಕಲು ತಿಂಡಿಗೆ ಮೂರು, ಸಿಹಿಗೆ ಎರಡು, ತಾರಸಿ ತೋಟದ ಸೊಪ್ಪು, ಹೂವು, ಸಸಿಗೆ ಮೂರು, ಬಿಸಿ ತಿಂಡಿಗೆ ಒಂದೇ ಒಂದು, ಹೊಲಿಗೆ, ಕ್ರೋಶ, ಮಣ್ಣಿನ ಸಾಮಾನು ಮುಂತಾದ ತಿನ್ನದ ಸರಕಿಗೆ ಐದು. ಒಂದೇ ಪದಾರ್ಥಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ. ಐದು ಜನ ಚಟ್ನಿಪುಡಿ ಇಟ್ಟುಕೊಂಡು ಕೂತರೆ ಐವರಿಗೂ ಗಿಟ್ಟುವುದಿಲ್ಲ, ಐವರೂ ನಿಮ್ಮನ್ನೇ ಬೈಯುತ್ತಾರೆ. ಮೂರನೆಯವರು ಬಂದಾಗ "ನಿಮ್ಮದು ಹಾಗಲಕಾಯಿ ಗೊಜ್ಜು ಚೆನ್ನಾಗಿರುತ್ತಂತಲ್ಲ ಅಕ್ಕಾ, ಅದನ್ನ ತನ್ನಿ" ಎಂದು ದಾರಿ ತೋರಿಸಿ. ಅದೂ ಆಗದಿದ್ದರೆ ಕಾಯುವವರ ಪಟ್ಟಿಗೆ ಹಾಕಿ.

ಸಗಟು ಅಂಗಡಿಯಿಂದ ತಂದು ಹೊಸ ಚೀಟಿ ಅಂಟಿಸಿ ಮಾರುವವರು ಬಂದೇ ಬರುತ್ತಾರೆ. ಒಬ್ಬರನ್ನು ಬಿಟ್ಟುಕೊಂಡರೂ ಅವರ ದರದ ಮುಂದೆ ಮನೆಯಲ್ಲಿ ಮಾಡಿದವರು ನಿಲ್ಲಲಾರರು. ಅವರನ್ನು ಹಿಡಿಯುವುದು ಕಷ್ಟವಿಲ್ಲ. ಮೊದಲ ಸಲ ಸೇರಿಸಿಕೊಳ್ಳುವ ಮುಂಚೆ ಅವರ ಅಡುಗೆಮನೆಗೆ ಒಮ್ಮೆ ಹೋಗಿ. "ಈ ಸಲ ಎಷ್ಟು ಹಿಟ್ಟು ಕಲಸಿದಿರಿ? ಎಣ್ಣೆ ಎಷ್ಟು ಹಿಡೀತು?" ಎಂದು ಕೇಳಿ. ಮಾಡುವವರಾದರೆ ನಿಲ್ಲಿಸದೆ ಹೇಳುತ್ತಾರೆ, ಈ ಸಲದ ಅಕ್ಕಿ ಸರಿಯಿಲ್ಲ ಎಂದು ಅಂಗಡಿಯವನನ್ನೂ ಬೈಯುತ್ತಾರೆ. ತಂದು ಮಾರುವವರು ರೇಟು ಹೇಳಲು ಶುರು ಮಾಡುತ್ತಾರೆ.

ಮನೆಯಲ್ಲಿ ಮಾಡಿದ ಸೋಪು, ಮುಖದ ಕ್ರೀಮು, ಕೂದಲಿನ ಎಣ್ಣೆಯವರು ಬಹಳ ಜನ ಕೇಳುತ್ತಾರೆ. ಇವು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತವೆ. ಮಾಡಿ ಮಾರಲು ತಯಾರಿಕಾ ಪರವಾನಗಿ ಬೇಕು, ಸಾಮಾನ್ಯವಾಗಿ ಮನೆಯಲ್ಲಿ ಮಾಡುವವರ ಹತ್ತಿರ ಅದು ಇರುವುದಿಲ್ಲ. ಪರವಾನಗಿ ಸಂಖ್ಯೆ ತೋರಿಸಿದರೆ ಮಾತ್ರ ಟೇಬಲ್ ಎಂದು ಹೇಳಿ ಸುಮ್ಮನಾಗಿ.

## 4. ತಿನಿಸಿನ ಕಾಗದ, ತಿನಿಸಿನ ಹದ

ತಿನ್ನುವ ಪದಾರ್ಥ ಮಾರುವ ಪ್ರತಿಯೊಬ್ಬರಿಗೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಇರಬೇಕು. ಸಣ್ಣದಾಗಿ ಮನೆಯಲ್ಲಿ ಮಾಡುವವರಿಗೆ ದೊಡ್ಡ ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಸಾಕು. ಅರ್ಜಿ foscos.fssai.gov.in ತಾಣದಲ್ಲಿ. ಸರ್ಕಾರದ ಶುಲ್ಕ ವರ್ಷಕ್ಕೆ ₹100. ಇದನ್ನೇ ಮಾಡಿಕೊಡಲು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿದ್ದಾರೆ, ಹಾಗಾಗಿ ನೀವೇ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ಅರ್ಜಿ ಕೊಡಿಸಿ. ನಾಲ್ಕು ವಾರ ಮುಂಚೆ ಮಾಡಿದರೆ ನಿಶ್ಚಿಂತೆ. ಬರುವ ಸಂಖ್ಯೆಯಲ್ಲಿ 14 ಅಂಕಿ ಇರುತ್ತವೆ. ಹೊಸಬರು ಒಂದು ಸಂಖ್ಯೆ ತೋರಿಸಿದರೆ ಅದೇ ತಾಣದ FBO Search ಎಂಬಲ್ಲಿ ಹಾಕಿ ಹೆಸರು ಹೊಂದುತ್ತದೆಯೇ ನೋಡಿ. ನಾದಿನಿಯ ಸಂಖ್ಯೆ ಮುದ್ರಿಸಿಕೊಂಡು ಬಂದವರೂ ಇದ್ದಾರೆ.

ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಏನೇನು ಹಾಕಿದೆ, ತೂಕ, ಬೆಲೆ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಮಾಡಿದವರ ವಿಳಾಸ, ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ ಇರಲಿ. ಅತಿ ಹೆಚ್ಚು ಮರೆಯುವುದು ಮಾಡಿದ ದಿನವನ್ನು. ಚೀಟಿ ಒಂದೇ ಸಲ ಐನೂರು ಮುದ್ರಿಸಿಟ್ಟಿರುತ್ತಾರೆ, ದಿನ ಪೆನ್ನಿನಲ್ಲಿ ಬರೆಯಬೇಕು, ಬರೆಯುವುದಿಲ್ಲ.

ಕಾಗದ ಸರಿ ಇದ್ದ ಮಾತ್ರಕ್ಕೆ ತಿನಿಸು ಸರಿ ಇರಬೇಕೆಂದಿಲ್ಲ. ಬೆಳಿಗ್ಗೆ ಟೇಬಲ್ ಜೋಡಿಸುವಾಗ ಒಂದು ಸುತ್ತು ಹಾಕಿ ಕವರುಗಳನ್ನು ಬೆಳಕಿಗೆ ಹಿಡಿದು ನೋಡಿ. ಕೋಡುಬಳೆ ಕವರಿನ ಒಳಮೈಗೆ ಮಂಜು ಕವಿದಂತೆ ಕಂಡರೆ ಆರುವ ಮುಂಚೆಯೇ ಕಟ್ಟಿದ್ದಾರೆ ಎಂದರ್ಥ. ಹನ್ನೊಂದು ಗಂಟೆಗೆ ಅದು ಮೆತ್ತಗಾಗುತ್ತದೆ, ನಾಲ್ಕು ದಿನಕ್ಕೆ ಮುಗ್ಗಲು. ಉಪ್ಪಿನಕಾಯಿಯ ಮುಚ್ಚಳ ಉಬ್ಬಿದ್ದರೆ, ತೆರೆದಾಗ ಸಣ್ಣ ಗುಳ್ಳೆಗಳು ಎದ್ದರೆ ಆ ಬಾಟಲಿ ಟೇಬಲ್ಲಿಗೆ ಏರಬಾರದು. ಮೊಸರು, ಪನೀರು, ಕ್ರೀಮ್ ಕೇಕು, ಹಸಿ ಕಾಯಿ ಚಟ್ನಿ, ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ, ಇವಕ್ಕೆ ನಾನು ಇಲ್ಲವೇ ಇಲ್ಲ ಎನ್ನುತ್ತೇನೆ. 5 ಡಿಗ್ರಿಗಿಂತ ತಣ್ಣಗೆ ಅಥವಾ 60 ಡಿಗ್ರಿಗಿಂತ ಬಿಸಿಯಾಗಿ ಇಡಲಾಗದ ಹಸಿ ಪದಾರ್ಥ ನಾಲ್ಕೂವರೆ ಗಂಟೆ ಟೇಬಲ್ ಮೇಲೆ ಕೂರಬಾರದು. ಕಾಯಿ ಒಬ್ಬಟ್ಟು ಅವತ್ತೇ ಮಾಡಿದ್ದು, ಅವತ್ತೇ ಮುಗಿಯುವಷ್ಟು ಮಾತ್ರ.

ಬಿಸಿ ತಿಂಡಿಯವರು ಮನೆಯ 14.2 ಕೇಜಿ ಸಿಲಿಂಡರ್ ಹೊತ್ತು ತರುತ್ತಾರೆ. ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 19 ಕೇಜಿಯ ವಾಣಿಜ್ಯ ಸಿಲಿಂಡರ್ ಆಗಬೇಕು, ಅದೂ ಸೂರಿನ ಹೊರಗೆ. ಇಂಡಕ್ಷನ್ ಒಲೆಯಾದರೆ 2,000 ವಾಟಿನ ಎರಡನ್ನು ಒಂದೇ ಲೈನಿಗೆ ಹಾಕಿದಾಗ 17 ಆಂಪಿಯರ್ ದಾಟುತ್ತದೆ, ಭವನದ 15 ಆಂಪಿಯರ್ ಸಾಕೆಟ್ಟು ತಡೆಯುವುದಿಲ್ಲ. ಒಲೆಗಳನ್ನು ಬೇರೆ ಬೇರೆ ಲೈನಿಗೆ ಹಾಕಿ, ಹಿಂದಿನ ದಿನವೇ ಹೋಗಿ ಹಚ್ಚಿ ನೋಡಿ.

## 5. ಮೂರು ಪರೀಕ್ಷಾ ಸಂತೆ, ಹೆಸರಿಲ್ಲದ ಚೀಟಿ

ಇದು ಎಲ್ಲರೂ ಬಿಟ್ಟುಬಿಡುವ ಮೆಟ್ಟಿಲು. ಸಂತೆ ನಿಮಗೆ ಗಿಟ್ಟುತ್ತದೋ ಇಲ್ಲವೋ ಎಂಬುದು ಇಲ್ಲೇ ಗೊತ್ತಾಗುವುದರಿಂದ ಸ್ವಲ್ಪ ನಿಂತು ಓದಿ.

ಮೊದಲ ಮೂರು ಸಂತೆಗೆ ಟೇಬಲ್ಲಿಗೆ ₹100 ಮಾತ್ರ ತೆಗೆದುಕೊಳ್ಳಿ. ನಿಮ್ಮ ಕೈಯಿಂದ ಒಂದಷ್ಟು ಹೋಗುತ್ತದೆ, ಹೋಗಲಿ. ಬದಲಿಗೆ ಒಂದು ಷರತ್ತು: ಹೊರಡುವ ಮುಂಚೆ ಪ್ರತಿಯೊಬ್ಬರೂ ಅವತ್ತಿನ ಒಟ್ಟು ಮಾರಾಟವನ್ನು ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಡಬ್ಬಿಗೆ ಹಾಕಬೇಕು. ಹೆಸರು ಬೇಡ, ತಿನಿಸೋ ಅಲ್ಲವೋ ಎಂದಷ್ಟೇ ಇರಲಿ. ಹೆಸರು ಕೇಳಿದರೆ ಎಲ್ಲರೂ "ಏನೂ ಆಗ್ಲಿಲ್ಲ ಬಿಡಿ" ಎನ್ನುತ್ತಾರೆ. ಮಾರಾಟ ಗೊತ್ತಾದರೆ ಬಾಡಿಗೆ ಏರಿಸುತ್ತೀರೆಂಬ ಭಯ, ಪಕ್ಕದವರ ಕಣ್ಣು ಬೇರೆ. ಹೆಸರಿಲ್ಲದ ಚೀಟಿಯಲ್ಲಿ ನಿಜ ಬರೆಯುತ್ತಾರೆ.

ಮನೆಗೆ ಬಂದು ಚೀಟಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವಿನ ಚೀಟಿಯನ್ನು ನೋಡಿ. ಸರಾಸರಿಯನ್ನು ನಂಬಬೇಡಿ. ನಮ್ಮ ಮೂರನೆಯ ಪರೀಕ್ಷಾ ಸಂತೆಯಲ್ಲಿ 20 ಚೀಟಿಗಳ ಒಟ್ಟು ₹64,000, ಸರಾಸರಿ ₹3,200. ಆದರೆ ಬಿಸಿ ತಿಂಡಿಯವರೊಬ್ಬರದೇ ₹9,500 ಇತ್ತು. ನಡುವಿನ ಚೀಟಿ ₹2,600. ಬಾಡಿಗೆ ಕಟ್ಟಬೇಕಾದವರಲ್ಲಿ ಹೆಚ್ಚಿನವರು ಈ ನಡುವಿನವರ ಅಕ್ಕಪಕ್ಕ, ಅದಕ್ಕಿಂತ ಕೆಳಗೆ ಇದ್ದಾರೆ.

ಜೊತೆಗೆ ಬಾಗಿಲಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಎಣಿಸಿ. ಒಳಗೆ ಬಂದವರನ್ನಲ್ಲ, ಕೈಯಲ್ಲಿ ಪೊಟ್ಟಣ ಹಿಡಿದು ಹೊರಗೆ ಹೋದವರನ್ನು. ಒಳಗೆ ಬಂದವರ ಸಂಖ್ಯೆ ನಿಮಗೆ ಖುಷಿ ಕೊಡುತ್ತದೆ ಅಷ್ಟೆ.

## 6. ಟೇಬಲ್ ಬಾಡಿಗೆ ಎಷ್ಟಿಡಬೇಕು

ಕೋಡುಬಳೆಯವರ ಲೆಕ್ಕ ತೆಗೆದುಕೊಳ್ಳಿ. ಕೇಜಿಗೆ ₹400ರಂತೆ ಮಾರುತ್ತಾರೆ. ಹಿಟ್ಟು, ಎಣ್ಣೆ, ಗ್ಯಾಸು, ಕವರು ಸೇರಿ ₹210 ಖರ್ಚು, ಉಳಿಯುವುದು ₹190. ₹2,600 ಮಾರಾಟ ಎಂದರೆ ಆರೂವರೆ ಕೇಜಿ, ಉಳಿದದ್ದು ₹1,235. ಅದರಲ್ಲಿ ಆಟೋಗೆ ₹150, ನಿಮ್ಮ ಟೇಬಲ್ಲಿಗೆ ₹350. ಮನೆಗೆ ಒಯ್ಯುವುದು ₹735. ಶನಿವಾರ ಮಧ್ಯಾಹ್ನವೆಲ್ಲ ಕರಿದು, ಭಾನುವಾರ ಒಂದು ಗಂಟೆವರೆಗೆ ನಿಂತದ್ದಕ್ಕೆ ಇಷ್ಟು.

ನಾನು ಒಮ್ಮೆ ಬಾಡಿಗೆ ₹500 ಮಾಡುವ ಮಾತು ಎತ್ತಿದೆ. ನಮ್ಮ ಕೋಡುಬಳೆಯ ಅಮ್ಮ ತಮ್ಮ ಸ್ಟೀಲ್ ಡಬ್ಬದ ಮುಚ್ಚಳ ಹಾಕುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು: "ಐನೂರು ಅಂದ್ರೆ ನಾನು ನಮ್ಮನೆ ಗೇಟಿನ ಹತ್ರಾನೇ ಒಂದು ಸ್ಟೂಲ್ ಹಾಕ್ಕೊಂಡು ಕೂತ್ಕೋತೀನಿ ಬಿಡಮ್ಮಾ." ಅವರು ಹೇಳಿದ್ದು ಸರಿ. ₹500 ಆದರೆ ಅವರಿಗೆ ಉಳಿಯುವುದು ₹585.

ನಡುವಿನ ಚೀಟಿಯ ಶೇಕಡಾ 13.5ರ ಒಳಗೆ ಬಾಡಿಗೆ ಇರಲಿ ಎಂಬುದು ನನ್ನ ಅನುಭವದ ಗೆರೆ. ₹2,600ಕ್ಕೆ ₹350 ಅಲ್ಲೇ ಬಂದು ನಿಲ್ಲುತ್ತದೆ. ಅದನ್ನು ದಾಟಿದಾಗ ಮೊದಲು ಬಿಡುವವರು ಚೆನ್ನಾಗಿ ಮಾಡುವ, ಆದರೆ ಸ್ವಲ್ಪವೇ ಮಾಡುವ ವಯಸ್ಸಾದ ಹೆಂಗಸರು. ಜನ ಬರುವುದು ಅವರ ಕೈರುಚಿಗೆ. ಮಾರಾಟದಲ್ಲಿ ಶೇಕಡಾ ಇಷ್ಟು ಎಂದು ಕೇಳುವ ದಾರಿಯೂ ಇದೆ, ನನಗೆ ಅದು ಹಿಡಿಸಲಿಲ್ಲ. ಎಲ್ಲರ ಕ್ಯೂಆರ್ ಅವರವರ ಹೆಸರಿನಲ್ಲೇ ಇರುವಾಗ ಮಾರಾಟ ಎಷ್ಟೆಂದು ನೀವು ಕಾವಲು ಕಾಯಬೇಕಾಗುತ್ತದೆ, ಸಂಬಂಧ ಕೆಡುತ್ತದೆ.

ಬಾಡಿಗೆ ಬುಧವಾರದೊಳಗೆ ಖಾತೆಗೆ ಬರಬೇಕು. ಶುಕ್ರವಾರ "ನಮ್ಮತ್ತೆಗೆ ಹುಷಾರಿಲ್ಲ" ಎಂದವರಿಗೆ ವಾಪಸ್ ಇಲ್ಲ, ಮುಂದಿನ ಸಂತೆಗೆ ಅರ್ಧ ಜಮಾ. ಈ ನಿಯಮ ಮೊದಲ ದಿನವೇ ಹೇಳಿ.

## 7. ಸಂತೆಯ ದಿನ

6:45ಕ್ಕೆ ಟೇಬಲ್ಲುಗಳು ಸೀಮೆಸುಣ್ಣದ ಗುರುತಿನ ಮೇಲೆ ಕೂರಬೇಕು. 7:30ಕ್ಕೆ ಮಾರುವವರು, 8:30ಕ್ಕೆ ಬಾಗಿಲು. ಬಿಸಿ ತಿಂಡಿಯನ್ನು ಬಾಗಿಲ ಬಳಿ ಇಡುವುದು ದೊಡ್ಡ ತಪ್ಪು. ಜನ ತಟ್ಟೆ ಇಡ್ಲಿ ತಿಂದು ಅಲ್ಲಿಂದಲೇ ಮನೆಗೆ ಹೋಗುತ್ತಾರೆ. ಅದು ಕಟ್ಟಕಡೆಯಲ್ಲಿ ಇರಲಿ, ಹೋಗುವಾಗ ಬರುವಾಗ ಎರಡು ಸಲ ಎಲ್ಲ ಟೇಬಲ್ ದಾಟಲಿ. ಎರಡು ಸಾಲಿನ ನಡುವೆ ಏಳೆಂಟು ಅಡಿ ಬಿಡಿ. ನೆಲಮಾಳಿಗೆಯಾದರೆ ಮೊಬೈಲ್ ಸಿಗ್ನಲ್ ಹಿಂದಿನ ದಿನವೇ ನೋಡಿ. ಪಾವತಿ ಸಿಕ್ಕಿಕೊಂಡರೆ ಸಾಲಿನಲ್ಲಿ ನಿಂತವರು ಕೆಳಗಿಟ್ಟು ಹೋಗುತ್ತಾರೆ.

ಧ್ವನಿವರ್ಧಕ ಬೇಡವೇ ಬೇಡ. ಟೇಬಲ್ ಜಾಗವನ್ನು ಚೀಟಿ ಎತ್ತಿ ಕೊಡಿ, ಇಲ್ಲದಿದ್ದರೆ ಮೂಲೆಯ ಜಗಳ ವರ್ಷವಿಡೀ ಇರುತ್ತದೆ. ನೀವೇ ಒಂದು ಸ್ಟಾಲ್ ಇಡುವುದಾದರೆ ಎಲ್ಲರಿಗಿಂತ ಕೆಟ್ಟ ಜಾಗ ನಿಮ್ಮದು.

## 8. ಈಗ ಲೆಕ್ಕ: ನಡೆಸುವವರಿಗೆ ಏನು ಉಳಿಯುತ್ತದೆ

20 ಟೇಬಲ್ಲಿಗೆ ₹350ರಂತೆ ಒಂದು ಸಂತೆಗೆ ₹7,000 ಬರುತ್ತದೆ. ಖರ್ಚು ಹೀಗೆ: ಭವನಕ್ಕೆ ₹2,500. ಎರಡು ಹೆಚ್ಚಿಗೆ ಸೇರಿ 22 ಟೇಬಲ್ ಬಾಡಿಗೆ ₹1,100, ಕುರ್ಚಿಗೆ ₹350, ಟೆಂಪೋಗೆ ₹500. ಕಸ ಗುಡಿಸುವ ಇಬ್ಬರಿಗೆ ₹800. ಕರಪತ್ರ, ಫೋನು ₹450. ಕುಡಿಯುವ ನೀರು, ಟೀ ₹200. ಒಟ್ಟು ₹5,900. ಉಳಿದದ್ದು ₹1,100. ಅಂದರೆ 17 ಟೇಬಲ್ ತುಂಬಿದರೆ ಖರ್ಚು ಹುಟ್ಟುತ್ತದೆ, 16ಕ್ಕೆ ಇಳಿದರೆ ಕೈಯಿಂದ.

ಒಂದು ಸಂತೆಗೆ ನಾನು ಹಾಕಿದ ಸಮಯವನ್ನೂ ಬರೆದಿಟ್ಟಿದ್ದೆ: ಫೋನು, ಮೆಸೇಜು, ಅಡುಗೆಮನೆ ಭೇಟಿ, ಕರಪತ್ರ ಹಂಚಿಕೆ, ಸಂತೆಯ ದಿನ, ಲೆಕ್ಕ ಎಲ್ಲ ಸೇರಿ ಸುಮಾರು 24 ಗಂಟೆ. ಗಂಟೆಗೆ ₹46 ಬಿತ್ತು. ತಿಂಗಳಿಗೆ ಎರಡು ಸಂತೆಯಿಂದ ₹2,200. ಒಂದೇ ಬಡಾವಣೆಯ ಸಂತೆಯಿಂದ ಜೀವನ ಸಾಗುವುದಿಲ್ಲ. ಬಾಡಿಗೆ ಏರಿಸುವಂತಿಲ್ಲ, ಟೇಬಲ್ ಹೆಚ್ಚಿಸಿದರೆ ಕೊಳ್ಳುವವರು ಅಷ್ಟೇ ಇರುವುದರಿಂದ ಒಬ್ಬೊಬ್ಬರ ಮಾರಾಟ ಇಳಿಯುತ್ತದೆ.

ಬೆಳೆಸುವುದಾದರೆ ಜಾಗಗಳನ್ನು ಹೆಚ್ಚಿಸಬೇಕು. ಮೂರು ಬಡಾವಣೆ, ಪ್ರತಿಯೊಂದರಲ್ಲೂ ತಿಂಗಳಿಗೆ ಎರಡು, ಒಟ್ಟು ಆರು ಸಂತೆ ಎಂದುಕೊಳ್ಳಿ. ಆಗ ಸ್ವಂತ ಟೇಬಲ್ ಕೊಳ್ಳುವುದರಲ್ಲಿ ಅರ್ಥವಿದೆ. ಮಡಿಸುವ ಟೇಬಲ್ ಒಂದಕ್ಕೆ ₹1,800ರಂತೆ 22ಕ್ಕೆ ₹39,600. ಸಂತೆಗೆ ₹1,100 ಉಳಿಸುವುದರಿಂದ 36 ಸಂತೆಯಲ್ಲಿ, ಅಂದರೆ ಆರು ತಿಂಗಳಲ್ಲಿ ಆ ದುಡ್ಡು ಹುಟ್ಟುತ್ತದೆ. ತಿಂಗಳಿಗೆ ಎರಡೇ ಸಂತೆಯಾದರೆ ಒಂದೂವರೆ ವರ್ಷ ಬೇಕು, ಆಗ ಕೊಳ್ಳಬೇಡಿ.

ದುಡ್ಡು ಹುಟ್ಟಿದ ಮೇಲೆ ಸಂತೆಗೆ ₹2,200 ಉಳಿಯಿತು. ಆರಕ್ಕೆ ₹13,200. ಆದರೆ ಆರು ಸಂತೆ ಒಬ್ಬರಿಂದ ಆಗುವುದಿಲ್ಲ. ಜೊತೆಯವರಿಗೆ ಸಂತೆಗೆ ₹600ರಂತೆ ₹3,600, ಟೇಬಲ್ ಇಡುವ ಕೋಣೆಗೆ ₹1,000 ತೆಗೆದರೆ ₹8,600.

ನಿಜವಾದ ಸಂಪಾದನೆ ಇರುವುದು ಹಬ್ಬದ ಸಂತೆಗಳಲ್ಲಿ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಕೊಬ್ಬರಿ, ಬೆಲ್ಲ ಕತ್ತರಿಸುತ್ತಾ ಕೂರುವ ತಾಳ್ಮೆ ಈಗ ಹೆಚ್ಚಿನ ಮನೆಗಳಲ್ಲಿ ಇಲ್ಲ, ಹಾಗಾಗಿ ಕೇಜಿಗಟ್ಟಲೆ ಹೋಗುತ್ತದೆ. ಗೌರಿಹಬ್ಬಕ್ಕೆ ಬಾಗಿನದ ಸಾಮಾನು, ದಸರೆಗೆ ಗೊಂಬೆ ಮತ್ತು ಗೊಂಬೆ ಬಾಗಿನದ ತಿಂಡಿ, ದೀಪಾವಳಿಗೆ ಸಿಹಿ, ಯುಗಾದಿಗೆ ಒಬ್ಬಟ್ಟು. ಹಬ್ಬದ ಹಿಂದಿನ ವಾರ 40 ಟೇಬಲ್ಲಿಗೆ ₹700 ಕೇಳಿದರೂ ಸಂತೋಷವಾಗಿ ಕೊಡುತ್ತಾರೆ, ಏಕೆಂದರೆ ಅವತ್ತು ನಡುವಿನ ಚೀಟಿಯೇ ಎರಡರಷ್ಟಾಗಿರುತ್ತದೆ. ₹28,000 ಬಂದು ₹15,000 ಖರ್ಚಾದರೆ ₹13,000 ಉಳಿಯಿತು. ವರ್ಷಕ್ಕೆ ಐದು, ₹65,000, ತಿಂಗಳಿಗೆ ಹಂಚಿದರೆ ₹5,400.

ಕೂಡಿದರೆ ತಿಂಗಳಿಗೆ ₹14,000. ಮಳೆ, ಪರೀಕ್ಷೆ, ಬೇಸಿಗೆ ರಜೆಯಲ್ಲಿ ಎಂಟು ಸಂತೆ ಕೆಟ್ಟವು ಎಂದು ಇಟ್ಟುಕೊಂಡರೆ ₹13,000. ಶನಿವಾರ-ಭಾನುವಾರಗಳು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ ಬರುವ ದುಡ್ಡು ಇದು. ಮನೆಗೆ ಇನ್ನೊಂದು ಸಂಬಳ ಇದ್ದರೆ ಇದು ಒಳ್ಳೆಯ ಪೂರಕ ಆದಾಯ. ಇದನ್ನೇ ನಂಬಿ ಕೆಲಸ ಬಿಡುವವರಿಗೆ ನಾನು ಬೇಡ ಎನ್ನುತ್ತೇನೆ.

ಈ ಅಳತೆಯಲ್ಲಿ ವರ್ಷದ ಒಟ್ಟು ಬಾಡಿಗೆ ಆರೂವರೆ ಲಕ್ಷದ ಆಸುಪಾಸು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ₹20 ಲಕ್ಷ ಇರುವುದರಿಂದ ಆ ತಲೆನೋವಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾತ್ರ ತೋರಿಸಿ.

ಇದಕ್ಕಿಂತ ಹೆಚ್ಚು ಬೇಕಾದವರು ಎರಡು ದಾರಿ ಹಿಡಿಯುತ್ತಾರೆ. ಒಂದು, ಹತ್ತಿರದ ಡೆಂಟಲ್ ಕ್ಲಿನಿಕ್, ಬಿಲ್ಡರ್‌ಗಳಿಂದ ಬ್ಯಾನರಿಗೆ ದುಡ್ಡು. ಒಂದು ಬ್ಯಾನರ್ ಪರವಾಗಿಲ್ಲ, ಸೈಟು ಮಾರುವವರಿಗೆ ಟೇಬಲ್ ಕೊಟ್ಟರೆ ಅವರು ಬಂದವರ ಫೋನ್ ನಂಬರ್ ಕೇಳುತ್ತಾರೆ, ಜನ ಆ ಸಾಲಿಗೇ ಹೋಗುವುದಿಲ್ಲ. ಇನ್ನೊಂದು, ಸಂತೆಯಲ್ಲಿ ರುಚಿ ನೋಡಿದವರು ಮದುವೆ, ಉಪನಯನಕ್ಕೆ ಕೊಡುವ ಚಕ್ಕುಲಿ, ಲಾಡು, ಕೋಡುಬಳೆಯ ದೊಡ್ಡ ಆರ್ಡರುಗಳನ್ನು ಹಿಡಿದು ನಾಲ್ಕೈದು ಮನೆಗಳಿಗೆ ಹಂಚಿ ಸಣ್ಣ ಪಾಲು ತೆಗೆದುಕೊಳ್ಳುವುದು. ಇದರಲ್ಲಿ ಸಂತೆಗಿಂತ ಹೆಚ್ಚು ದುಡ್ಡಿದೆ, ಆದರೆ ಒಂದು ಮನೆಯ ಎಣ್ಣೆ ಕೆಟ್ಟರೆ ಹೆಸರು ನಿಮ್ಮದು ಕೆಡುತ್ತದೆ. ಆಗ ನಿಮ್ಮದು ತಿಂಡಿ ವ್ಯಾಪಾರ, ನಿಮ್ಮ ಹೆಸರಿನಲ್ಲೇ ನೋಂದಣಿ ಬೇಕು.

## 9. ಸಂತೆ ಸೊರಗುತ್ತಿದೆ ಎಂದು ತಿಳಿಯುವುದು ಹೇಗೆ

ಹನ್ನೊಂದೂವರೆಗೇ ಗಂಟು ಕಟ್ಟುವವರು ಹೆಚ್ಚಾಗುತ್ತಾರೆ. ಪ್ರತಿ ಸಲ ಮೂರು ನಾಲ್ಕು ಹೊಸ ಮುಖಗಳು, ಹಳಬರು ಕಾಣುವುದಿಲ್ಲ. ಟೇಬಲ್ ತುಂಬಿರುತ್ತದೆಯಾದ್ದರಿಂದ ನಡೆಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಿಂದಿನ ಆರು ಸಂತೆಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕಕ್ಕಿಂತ ಹೆಚ್ಚು ಸಲ ಬಂದವರು ಹನ್ನೆರಡಕ್ಕಿಂತ ಕಡಿಮೆಯಾಗಿದ್ದರೆ ಅವರಿಗೆ ಗಿಟ್ಟುತ್ತಿಲ್ಲ. ಸಂಘದ ಪದಾಧಿಕಾರಿಗಳ ನೆಂಟರಿಗೆ ಪುಕ್ಕಟೆ ಟೇಬಲ್ ಕೇಳಲು ಶುರುವಾಗುವುದು ಇನ್ನೊಂದು ಲಕ್ಷಣ. ಒಂದು ಕೊಟ್ಟರೆ ನಾಲ್ಕಾಗುತ್ತದೆ, ನಿಮ್ಮ ಉಳಿತಾಯ ಇರುವುದೇ ಮೂರು ಟೇಬಲ್ಲಿನಷ್ಟು.

ಚೀಟಿಯ ಡಬ್ಬಿಯನ್ನು ಪರೀಕ್ಷೆ ಮುಗಿದ ಮೇಲೂ ಎರಡು ತಿಂಗಳಿಗೊಮ್ಮೆ ಇಡಿ. ನಡುವಿನ ಚೀಟಿ ₹2,000ಕ್ಕೆ ಇಳಿದರೆ ಅವತ್ತೇ ಬಾಡಿಗೆ ₹250ಕ್ಕೆ ಇಳಿಸಿ, ತಿಂಗಳಿಗೆ ಎರಡರ ಬದಲು ಒಂದೇ ಸಂತೆ ಮಾಡಿ ನೋಡಿ. ಆ ಬಾಡಿಗೆಯಲ್ಲಿ ನಿಮ್ಮ ಕೈಯಿಂದ ಹೋಗುತ್ತದೆ, ಆದ್ದರಿಂದ ಮೂರೇ ಸಲ. ಅಷ್ಟರಲ್ಲಿ ನಡುವಿನ ಚೀಟಿ ಮೇಲೇಳದಿದ್ದರೆ ಆ ಬಡಾವಣೆಗೆ ಹಬ್ಬದ ಸಂತೆಯಷ್ಟೇ ಇಟ್ಟುಕೊಂಡು, ಭವನದವರಿಗೆ ಉಳಿದ ತಾರೀಕುಗಳನ್ನು ಬಿಟ್ಟುಕೊಡುವ ಪತ್ರ ಬರೆದು ಮುಂಗಡ ವಾಪಸ್ ಪಡೆಯಿರಿ.